ಹೊಸ ಪಲ್ಪರ್ ಬಂತು, ಹಳೇ ಪಾಲಿಸಿಗೆ ಸೇರಿತೇ? ಎಂಡಾರ್ಸ್‌ಮೆಂಟ್ ಕೇಳುವ ಸರಿಯಾದ ದಾರಿ

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಹೂಮಳೆ ಕೈಕೊಟ್ಟಿತು. ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕಾಯ್ತು. ಕೆರೆ ಹತ್ತಿರ ಇದ್ದ ಹಳೇ ಪಂಪ್ ಸಾಲದು ಅಂತ 7.5 ಎಚ್‌ಪಿಯ ಹೊಸ ಮೋಟಾರ್ ಪಂಪ್ ತಂದು ಕೂರಿಸಿದೆ. ನಮ್ಮ ಪಲ್ಪಿಂಗ್ ಯೂನಿಟ್ಟಿಗೆ ಮೊದಲೇ ಮೆಷಿನರಿ ಬ್ರೇಕ್‌ಡೌನ್ ಪಾಲಿಸಿ ಇತ್ತು. ಏಜೆಂಟ್‌ಗೆ ಫೋನ್ ಮಾಡಿ, 'ಇದನ್ನೂ ಅದಕ್ಕೇ ಸೇರಿಸಿಬಿಡಿ' ಅಂದೆ. 'ಆಯ್ತು ಸರ್, ಸೇರಿಸ್ತೀನಿ' ಅಂದರು. ಬಿಲ್ಲಿನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದೆ, ಎರಡು ನೀಲಿ ಗೆರೆ ಬಂತು. ನನ್ನ ಲೆಕ್ಕದಲ್ಲಿ ಕೆಲಸ ಮುಗೀತು.

ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಮೂರು ಫೇಸಿನಲ್ಲಿ ಒಂದು ಹೋಯ್ತು. ಉಳಿದ ಎರಡರಲ್ಲೇ ಓಡಿದ ಮೋಟಾರಿನ ವೈಂಡಿಂಗ್ ಸುಟ್ಟು ಕಪ್ಪಾಯ್ತು. ಕ್ಲೇಮ್ ಹಾಕಿದಾಗ ಕಚೇರಿಯವರು ಕೇಳಿದ್ದು ಒಂದೇ ಪ್ರಶ್ನೆ: 'ಈ ಮೋಟಾರ್ ನಿಮ್ಮ ಪಾಲಿಸಿಯ ಶೆಡ್ಯೂಲ್‌ನಲ್ಲಿ ಎಲ್ಲಿದೆ?' ಇರಲಿಲ್ಲ. ಏಜೆಂಟ್ ಹೇಳಲು ಮರೆತಿದ್ದರು, ನಾನು ಕೇಳಲು ಮರೆತಿದ್ದೆ. ಪ್ರೀಮಿಯಮ್ಮಿನ ಒಂದು ರೂಪಾಯಿಯೂ ಕಟ್ಟಿರಲಿಲ್ಲ. ರೀವೈಂಡಿಂಗ್ ಖರ್ಚು, ನೀರಿಲ್ಲದೆ ಹೋದ ಐದು ದಿನ, ಎರಡೂ ನನ್ನ ತಲೆ ಮೇಲೇ ಬಂದವು.

ಕಳೆದ ಡಿಸೆಂಬರಿನಲ್ಲಿ ಹುದಿಕೇರಿಯ ನಮ್ಮ ಕಣದ ಪಕ್ಕದ ಶೆಡ್ಡಿಗೆ ಹೊಸ ಪಲ್ಪರ್–ವಾಷರ್ ಸೆಟ್ ಬಂದಾಗ ಅದೇ ತಪ್ಪನ್ನು ಇನ್ನೊಮ್ಮೆ ಮಾಡಬಾರದು ಅಂತ ತೀರ್ಮಾನಿಸಿದ್ದೆ. ಹೊಸ ಯಂತ್ರವನ್ನು ಹಳೇ ಪಾಲಿಸಿಗೆ ಸೇರಿಸಲು ಹೇಗೆ ಕೇಳಬೇಕು, ಯಾವ ದಿನ ಕೇಳಬೇಕು, ಎಷ್ಟು ಮೊತ್ತಕ್ಕೆ ಕೇಳಬೇಕು ಅನ್ನೋದನ್ನ ನಾನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಈ ಪಾಲಿಸಿ ಏನನ್ನು ಕಾಯುತ್ತೆ, ಏನನ್ನು ಕಾಯಲ್ಲ

ಮೆಷಿನರಿ ಬ್ರೇಕ್‌ಡೌನ್ ಪಾಲಿಸಿ ಯಂತ್ರದ ಒಳಗಿನಿಂದ ಬರುವ, ಇದ್ದಕ್ಕಿದ್ದಂತೆ ಆಗುವ ಹಾನಿಗೆ ಇರುವಂಥದ್ದು. ಶಾರ್ಟ್ ಸರ್ಕ್ಯೂಟ್, ವೋಲ್ಟೇಜ್ ಏರುಪೇರು, ಶಾಫ್ಟ್ ಮುರಿಯೋದು, ಓಡಿಸುವವನ ಕೈತಪ್ಪು, ಹಣ್ಣಿನ ಜೊತೆ ಕಲ್ಲೋ ಬೋಲ್ಟೋ ಒಳಗೆ ಹೋಗಿ ಆಗುವ ಹಾನಿ, ಇವೆಲ್ಲ ಸಾಮಾನ್ಯವಾಗಿ ಅದರಲ್ಲಿ ಬರುತ್ತವೆ.

ಬೆಂಕಿ, ನೇರ ಸಿಡಿಲು, ಪ್ರವಾಹ, ಭೂಕುಸಿತ, ಕಳ್ಳತನ ಇದರಲ್ಲಿ ಬರಲ್ಲ. 2018 ಮತ್ತು 2019ರ ಆಗಸ್ಟ್ ಮಳೆಯನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದು ಮುಖ್ಯ. ಆ ಅಪಾಯಗಳಿಗೆ ಬೆಂಕಿ ವಿಮೆ ಬೇರೆಯೇ ಬೇಕು. 2021ರ ಏಪ್ರಿಲ್‌ನಿಂದ ಸಣ್ಣ ಘಟಕಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅನ್ನೋ ಪಾಲಿಸಿ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಇದೆ. ನೀರು, ಮಣ್ಣು ಕುಸಿತದ ಹಾನಿ ಅದರಲ್ಲಿ ಸೇರುತ್ತೆ. ನಿಮಗೆ ಎರಡೂ ಪಾಲಿಸಿ ಇದ್ದರೆ ಹೊಸ ಯಂತ್ರವನ್ನು ಎರಡಕ್ಕೂ ಸೇರಿಸಬೇಕು, ಅಂದರೆ ಎರಡು ಪತ್ರ ಬರೀಬೇಕು. ಒಂದಕ್ಕೆ ಸೇರಿಸಿದರೆ ಇನ್ನೊಂದಕ್ಕೆ ತಾನಾಗಿ ಸೇರಲ್ಲ.

ಸವೆತವೂ ಇದರಲ್ಲಿಲ್ಲ. ಬೆಲ್ಟು, ಚೈನು, ವರ್ಷಾ ವರ್ಷ ಬದಲಿಸುವ ಡಿಸ್ಕು ಇವುಗಳ ಹಳೆತನಕ್ಕೆ ಯಾರೂ ದುಡ್ಡು ಕೊಡಲ್ಲ. ಯಂತ್ರ ನಿಂತಿದ್ದರಿಂದ ಕೊಳೆತ ಹಣ್ಣಿಗೂ ಪರಿಹಾರ ಇಲ್ಲ. ಆವತ್ತು ಕೊಯ್ದ ಹಣ್ಣನ್ನು ಆವತ್ತೇ ಪಲ್ಪ್ ಮಾಡದೆ ಹೋದರೆ ಪಾರ್ಚ್‌ಮೆಂಟ್ ಬಣ್ಣ ಕೆಟ್ಟು ವಾಸನೆ ಹಿಡಿಯುತ್ತೆ ಅಂತ ನಿಮಗೆ ಗೊತ್ತೇ ಇದೆ. ಆ ನಷ್ಟ ಈ ಪಾಲಿಸಿಯ ಹೊರಗೆ. ಅದಕ್ಕೇ ನಾನು ಹಳೇ ಪಲ್ಪರನ್ನು ಮಾರದೆ ಇಟ್ಟುಕೊಂಡೆ.

ಇನ್ನೊಂದು ವಿಷಯ. ಈ ಪಾಲಿಸಿ ಒಂದು ಕಡೆ ಕೂರಿಸಿದ ಯಂತ್ರಗಳಿಗೆ ಸೂಕ್ತ. ಟ್ರಾಕ್ಟರ್‌ಗೆ ಮೋಟಾರು ವಾಹನ ವಿಮೆ ಇದೆ. ಟಿಲ್ಲರ್, ಕಳೆ ಕೊಚ್ಚುವ ಯಂತ್ರದಂಥ ಓಡಾಡುವ ಯಂತ್ರಗಳಿಗೆ ಬೇರೆ ಪಾಲಿಸಿ ಕೇಳಬೇಕು. ಅವನ್ನು ಇದಕ್ಕೆ ಸೇರಿಸಿ ಅಂತ ಪತ್ರ ಬರೆದರೆ ಸಮಯ ಹಾಳು.

ಯಾವ ದಿನದಿಂದ ರಕ್ಷಣೆ?

ನಾವು ಹೆಚ್ಚು ಎಡವೋದು ಇಲ್ಲೇ. ಯಂತ್ರ ಕೊಂಡ ದಿನದಿಂದ, ಇಲ್ಲಾ ಪತ್ರ ಕೊಟ್ಟ ದಿನದಿಂದ ವಿಮೆ ಶುರು ಅಂದ್ಕೋತೀವಿ. ಎರಡೂ ತಪ್ಪು.

1938ರ ವಿಮಾ ಕಾಯ್ದೆಯಲ್ಲಿ 64ವಿಬಿ ಅಂತ ಒಂದು ಕಲಂ ಇದೆ. ಪ್ರೀಮಿಯಂ ಮುಂಚಿತವಾಗಿ ಕೈಗೆ ಬರದೆ ಯಾವ ಕಂಪನಿಯೂ ಅಪಾಯದ ಹೊಣೆ ಹೊರುವಂತಿಲ್ಲ ಅನ್ನೋದು ಅದರ ಸಾರ. ಪಾಲಿಸಿ ಮೊದಲೇ ಇದ್ದರೂ ಹೊಸ ಯಂತ್ರದ ಮಟ್ಟಿಗೆ ನೀವು ಪ್ರೀಮಿಯಂ ಕಟ್ಟಿಲ್ಲ. ಹಾಗಾಗಿ ಪತ್ರ ತಲುಪಿದರಷ್ಟೇ ಸಾಲದು. ಕಂಪನಿ ಒಪ್ಪಬೇಕು, ಹೆಚ್ಚುವರಿ ಪ್ರೀಮಿಯಂ ತಲುಪಬೇಕು. ಹಾನಿ ಆದ ಮೇಲೆ ಹಿಂದಿನ ತಾರೀಖು ಹಾಕಿ ಸೇರಿಸೋದು ಆಗದ ಮಾತು. ನನ್ನ ಪಂಪಿನ ಕಥೆಯಲ್ಲಿ ಏಜೆಂಟರ 'ಆಯ್ತು ಸರ್' ಬೆಲೆ ಕಳೆದುಕೊಂಡಿದ್ದು ಇದಕ್ಕೇ.

ಎರಡನೇ ಷರತ್ತು ಯಂತ್ರದ ಕಡೆಯದು. ಕೂರಿಸಿ, ಓಡಿಸಿ, ಟ್ರಯಲ್ ಸರಿಯಾಗಿ ಮುಗಿದ ಮೇಲೆಯೇ ಯಂತ್ರ ಈ ಪಾಲಿಸಿಯ ಒಳಗೆ ಬರುತ್ತೆ. ಲಾರಿಯಿಂದ ಇಳಿಸುವಾಗ ಜಾರಿ ಬಿದ್ದರೆ, ಜೋಡಿಸುವಾಗ ಫ್ರೇಮ್ ಬಿರುಕು ಬಿಟ್ಟರೆ ಇದು ಬರಲ್ಲ. ಅದಕ್ಕೆ ಆರ್ಡರ್ ಕೊಡುವಾಗಲೇ 'ಟ್ರಯಲ್ ಮುಗಿಯುವವರೆಗೆ ಹೊಣೆ ನಿಮ್ಮದು' ಅಂತ ಮಾರಿದವರ ಕೊಟೇಶನ್ನಿನಲ್ಲೇ ಬರೆಸಿಕೊಂಡಿದ್ದೆ.

ನನ್ನ ಕೆಲಸ ನಡೆದ ಕ್ರಮ ಹೀಗಿತ್ತು. ಹುತ್ತರಿ ಮುಗಿದ ವಾರ ಯಂತ್ರ ಬಂತು. ಅವತ್ತೇ ಶಾಖೆಗೆ ಇಮೇಲ್ ಹಾಕಿ, ಇಂಥ ಯಂತ್ರ ಬರ್ತಿದೆ, ಇಷ್ಟು ಮೊತ್ತ, ಹೆಚ್ಚುವರಿ ಪ್ರೀಮಿಯಂ ಎಷ್ಟಾಗುತ್ತೆ ತಿಳಿಸಿ ಅಂತ ಕೇಳಿದೆ. ಡಿಸೆಂಬರ್ 13ಕ್ಕೆ ಮೆಕ್ಯಾನಿಕ್ ಬಂದು ಅರೇಬಿಕಾದ ಕೊನೇ ಹಣ್ಣು ಹಾಕಿ ಟ್ರಯಲ್ ಮಾಡಿ, ವರದಿಗೆ ಸಹಿ ಹಾಕಿ ಕೊಟ್ಟರು. 15ಕ್ಕೆ ಪತ್ರ, ದಾಖಲೆ ಎಲ್ಲ ತಗೊಂಡು ಗೋಣಿಕೊಪ್ಪಲಿಗೆ ಹೋಗಿ ನಾನೇ ಕೊಟ್ಟೆ, ಸೀಲ್ ಹಾಕಿಸಿಕೊಂಡ ಪ್ರತಿ ಇಟ್ಟುಕೊಂಡೆ. ಪ್ರೀಮಿಯಂ ಅವತ್ತೇ ಕಟ್ಟಿ ರಸೀದಿ ಪಡೆದೆ. ಎಂಡಾರ್ಸ್‌ಮೆಂಟ್ ಡಿಸೆಂಬರ್ 16ರಿಂದ ಜಾರಿಗೆ ಬಂತು.

ಮಧ್ಯದ ಎರಡು ದಿನ ಹೊಸ ಯಂತ್ರವನ್ನು ಮುಟ್ಟಲಿಲ್ಲ. 'ಹೊಸದು ನಿಂತಿದೆ, ಹಳೇದನ್ನ ಯಾಕಪ್ಪ ಓಡಿಸ್ತೀಯ?' ಅಂತ ಅಪ್ಪ ಬೈದರು. ಹಣ್ಣು ಸ್ವಲ್ಪವೇ ಇತ್ತು, ಹಳೇ ಪಲ್ಪರ್ ಸಾಕಾಯ್ತು. ರೋಬಸ್ಟಾ ಕೊಯ್ಲು ಜೋರಾದ ಮೇಲೆ ಯಂತ್ರ ತಂದಿದ್ದರೆ ಹೀಗೆ ಕಾಯೋಕೆ ಆಗ್ತಿರಲಿಲ್ಲ. ಯಂತ್ರ ಕೊಳ್ಳೋರು ಕೊಯ್ಲಿಗೆ ಎರಡು ವಾರ ಮೊದಲೇ ಕೂರಿಸಿಕೊಂಡರೆ ಕಾಗದದ ಕೆಲಸಕ್ಕೂ ಪುರುಸೊತ್ತು ಸಿಗುತ್ತೆ.

ಎಷ್ಟು ಮೊತ್ತಕ್ಕೆ ಸೇರಿಸಬೇಕು?

ಪ್ರೀಮಿಯಂ ಉಳಿಸಲು ಬಿಲ್ಲಿನ ಮೂಲ ಬೆಲೆ ಮಾತ್ರ ಬರೆಯೋರು ಬಹಳ ಜನ. ಲೆಕ್ಕ ಹಾಕಿ ನೋಡಿ, ಅದು ಉಳಿತಾಯ ಅಲ್ಲ.

ಈ ಪಾಲಿಸಿಯಲ್ಲಿ ವಿಮಾ ಮೊತ್ತ ಅಂದರೆ ಅದೇ ಬಗೆಯ, ಅದೇ ಸಾಮರ್ಥ್ಯದ ಹೊಸ ಯಂತ್ರವನ್ನು ಇವತ್ತು ತಂದು ಕೂರಿಸಲು ತಗಲುವ ಪೂರ್ತಿ ಖರ್ಚು. ಬೆಲೆ, ತೆರಿಗೆ, ಸಾಗಣೆ, ಜೋಡಣೆ ಎಲ್ಲ ಸೇರಬೇಕು. ನಾವು ಕಟ್ಟಿದ ಜಿಎಸ್‌ಟಿಯನ್ನು ವಾಪಸ್ ಹೊಂದಿಸಿಕೊಳ್ಳೋ ವ್ಯವಸ್ಥೆ ನಮಗಿಲ್ಲದಿದ್ದರೆ ಅದನ್ನೂ ಸೇರಿಸಬೇಕು. ಸಹಾಯಧನ ಬಂದಿದ್ದರೂ ಅದನ್ನು ಕಳೆದು ಬರೆಯಬೇಡಿ. ಯಂತ್ರ ಹೋದರೆ ಹೊಸದರ ಬೆಲೆ ಪೂರ್ತಿಯೇ ಆಗುತ್ತೆ. ಸೆಕೆಂಡ್ ಹ್ಯಾಂಡ್ ಯಂತ್ರ ತಂದವರೂ ತಾವು ಕೊಟ್ಟ ಬೆಲೆಯನ್ನಲ್ಲ, ಹೊಸದರ ಬೆಲೆಯನ್ನೇ ಬರೀಬೇಕು. ಯಂತ್ರದ ವಯಸ್ಸನ್ನು ಪ್ರತ್ಯೇಕವಾಗಿ ತಿಳಿಸಬೇಕು.

ನನ್ನ ಸೆಟ್ಟಿಗೆ ತೆರಿಗೆ ಸೇರಿ 3,60,000 ರೂಪಾಯಿ. ಸಾಗಣೆ 12,000. ಇಳಿಸಿ, ಜೋಡಿಸಿ, ಸ್ಟಾರ್ಟರ್ ಪ್ಯಾನೆಲ್ಲಿಗೆ ವೈರಿಂಗ್ ಮಾಡಿದ್ದಕ್ಕೆ 18,000. ಒಟ್ಟು 3,90,000. ಇದನ್ನೇ ಬರೆದೆ. ಕಾಂಕ್ರೀಟ್ ಪಾಯ ಇದರಲ್ಲಿ ಸೇರಿಲ್ಲ. ಪಾಯಕ್ಕೂ ರಕ್ಷಣೆ ಬೇಕಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆದು ಕೇಳಬೇಕು. ಹೇಳದಿದ್ದರೆ ಅದು ಹೊರಗೆ.

ಈಗ ಪ್ರೀಮಿಯಂ. ನನ್ನ ಪಾಲಿಸಿಯಲ್ಲಿ ದರ ಸಾವಿರಕ್ಕೆ 10 ರೂಪಾಯಿ ಇತ್ತು. ನಿಮ್ಮದು ಬೇರೆ ಇರಬಹುದು, ಶೆಡ್ಯೂಲ್ ನೋಡಿಕೊಳ್ಳಿ. 3,90,000ಕ್ಕೆ ವರ್ಷಕ್ಕೆ 3,900 ಆಯ್ತು. ಪಾಲಿಸಿ ಮುಗಿಯೋದು ಜೂನ್ 30ಕ್ಕೆ. ಡಿಸೆಂಬರ್ 16ರಿಂದ ಅಲ್ಲಿಯವರೆಗೆ 197 ದಿನ. ಉಳಿದ ದಿನಗಳಿಗಷ್ಟೇ ಕಟ್ಟಬೇಕು: 3,900ನ್ನು 197ರಿಂದ ಗುಣಿಸಿ 365ರಿಂದ ಭಾಗಿಸಿದರೆ 2,105. ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿ 2,484 ರೂಪಾಯಿ.

ಕಡಿಮೆ ಮಾಡಿ 2,60,000 ಮಾತ್ರ ಬರೆದಿದ್ದರೆ? ಪ್ರೀಮಿಯಮ್ಮಿನಲ್ಲಿ 828 ರೂಪಾಯಿ ಉಳೀತಿತ್ತು. ಆದರೆ ಕ್ಲೇಮಿನ ದಿನ ಸರ್ವೇಯರ್ ಮೊದಲು ನೋಡೋದು, ಈ ಯಂತ್ರದ ನಿಜವಾದ ಹೊಸ ಬೆಲೆ ಎಷ್ಟು, ವಿಮೆ ಎಷ್ಟಕ್ಕಿದೆ ಅಂತ. 3,90,000ದ ಯಂತ್ರಕ್ಕೆ 2,60,000ದ ವಿಮೆ ಅಂದರೆ ಮೂರರಲ್ಲಿ ಎರಡು ಪಾಲು. ಆಗ ಯಾವ ಹಾನಿ ಆದರೂ ಮೂರರಲ್ಲಿ ಎರಡು ಪಾಲೇ ಕೊಡ್ತಾರೆ, ಉಳಿದ ಒಂದು ಪಾಲು ನಮ್ಮದು.

ರಿಪೇರಿಗೆ 60,000 ಆಯ್ತು ಅಂದ್ಕೊಳ್ಳಿ. ಪೂರ್ತಿ ಮೊತ್ತಕ್ಕೆ ವಿಮೆ ಇದ್ದರೆ, ನನ್ನ ಪಾಲಿಸಿಯಂತೆ ಯಂತ್ರದ ವಿಮಾ ಮೊತ್ತದ ಶೇಕಡಾ 1 ಎಕ್ಸೆಸ್, ಅಂದರೆ ನಾವೇ ಹೊರಬೇಕಾದ ಪಾಲು, 3,900 ಕಳೆದು 56,100 ಬರುತ್ತೆ. ಕಡಿಮೆ ಬರೆದಿದ್ದರೆ 60,000ದ ಮೂರರಲ್ಲಿ ಎರಡು ಪಾಲು 40,000, ಅದರಲ್ಲಿ 2,600 ಕಳೆದು 37,400 ಮಾತ್ರ. 828 ಉಳಿಸಲು ಹೋಗಿ 18,700 ಕಳ್ಕೊಂಡ ಹಾಗೆ.

ಒಂದು ವೇಳೆ ಯಂತ್ರ ಪೂರ್ತಿ ಹಾಳಾದರೆ ಲೆಕ್ಕ ಬೇರೆ. ಬಿಡಿ ಭಾಗ ರಿಪೇರಿಗೆ ಸಾಮಾನ್ಯವಾಗಿ ಸವಕಳಿ ಹಿಡಿಯಲ್ಲ, ಬಾಳಿಕೆ ಕಡಿಮೆ ಇರುವ ಭಾಗಗಳನ್ನು ಬಿಟ್ಟು. ಪೂರ್ತಿ ಹೋದರೆ ಅವತ್ತಿನ ದಿನ ಆ ಯಂತ್ರಕ್ಕಿದ್ದ ಬೆಲೆ, ಅಂದರೆ ಸವಕಳಿ ಕಳೆದ ಬೆಲೆ ಸಿಗುತ್ತೆ. ಹೊಸದರ ಬೆಲೆಗೆ ವಿಮೆ ಮಾಡಿಸಿದ್ದೀನಿ, ಹೊಸದೇ ಬರುತ್ತೆ ಅನ್ನೋ ಲೆಕ್ಕ ಇಟ್ಟುಕೊಳ್ಳಬೇಡಿ.

ಪತ್ರ ಹೀಗಿರಲಿ

ಶಾಖೆಯಲ್ಲಿ ಕೂತಿದ್ದ ಅಧಿಕಾರಿ ಮೇಡಂ ನನ್ನ ಪತ್ರ ಓದಿ, 'ಎಲ್ಲಾ ಇದ್ಯಲ್ಲ, ಇನ್ನೇನೂ ಕೇಳೋದಿಲ್ಲ' ಅಂದರು. ಅದರ ನಕಲು ಇಲ್ಲಿದೆ. ಇಂಗ್ಲಿಷಿನಲ್ಲೇ ಬೇಕು ಅಂದರೆ ಇದೇ ಕ್ರಮದಲ್ಲಿ ಬರೆದರೆ ಆಯ್ತು.

> ಗೆ,
> ಶಾಖಾ ವ್ಯವಸ್ಥಾಪಕರು,
> (ವಿಮಾ ಕಂಪನಿ ಮತ್ತು ಶಾಖೆಯ ಹೆಸರು)
>
> ವಿಷಯ: ಮೆಷಿನರಿ ಬ್ರೇಕ್‌ಡೌನ್ ಪಾಲಿಸಿ ಸಂಖ್ಯೆ ______ ಕ್ಕೆ ಹೊಸ ಯಂತ್ರವನ್ನು ಸೇರಿಸಲು ಎಂಡಾರ್ಸ್‌ಮೆಂಟ್ ಕೋರಿ.
>
> ಮಾನ್ಯರೇ,
>
> ಮೇಲ್ಕಂಡ ಪಾಲಿಸಿ ನನ್ನ ಹೆಸರಿನಲ್ಲಿದ್ದು ಜೂನ್ 30ರವರೆಗೆ ಚಾಲ್ತಿಯಲ್ಲಿದೆ. ಅದರಲ್ಲಿರುವ ಯಂತ್ರಗಳ ಜೊತೆಗೆ ಈ ಕೆಳಗಿನ ಯಂತ್ರವನ್ನು ಸೇರಿಸಬೇಕಾಗಿ ಕೋರುತ್ತೇನೆ.
>
> ಯಂತ್ರ: ಕಾಫಿ ಪಲ್ಪರ್ ಮತ್ತು ವಾಷರ್ ಸೆಟ್, ಮೋಟಾರ್ ಹಾಗೂ ಸ್ಟಾರ್ಟರ್ ಪ್ಯಾನೆಲ್ ಸಹಿತ
> ತಯಾರಕರು, ಮಾದರಿ, ತಯಾರಾದ ವರ್ಷ: ______
> ಸೀರಿಯಲ್ ಸಂಖ್ಯೆ: ಪಲ್ಪರ್ ______, ವಾಷರ್ ______, ಮೋಟಾರುಗಳು ______
> ಸಾಮರ್ಥ್ಯ: ಪಲ್ಪರ್ ಮೋಟಾರ್ 5 ಎಚ್‌ಪಿ, ವಾಷರ್ ಮೋಟಾರ್ 7.5 ಎಚ್‌ಪಿ
> ಇರುವ ಜಾಗ: ಸರ್ವೆ ನಂಬರ್ ______, ಹುದಿಕೇರಿ, ಪೊನ್ನಂಪೇಟೆ ತಾಲ್ಲೂಕು, ಕೊಡಗು
> ಟ್ರಯಲ್ ಮುಗಿದ ದಿನ: ಡಿಸೆಂಬರ್ 13
> ವಿಮಾ ಮೊತ್ತ: ರೂ. 3,90,000 (ಬೆಲೆ ಮತ್ತು ತೆರಿಗೆ 3,60,000, ಸಾಗಣೆ 12,000, ಜೋಡಣೆ 18,000)
> ಸಾಲ ಕೊಟ್ಟ ಬ್ಯಾಂಕ್: ______
>
> ಡಿಸೆಂಬರ್ 16ರಿಂದ ಪಾಲಿಸಿ ಮುಗಿಯುವವರೆಗೆ ರಕ್ಷಣೆ ಬೇಕಾಗಿದೆ. ಹೆಚ್ಚುವರಿ ಪ್ರೀಮಿಯಂ ತಿಳಿಸಿದ ಕೂಡಲೇ ಪಾವತಿಸುತ್ತೇನೆ. ಈಗಾಗಲೇ ಇರುವ ಯಂತ್ರಗಳು ಹಾಗೆಯೇ ಮುಂದುವರಿಯಲಿ. ಈ ದಿನದವರೆಗೆ ಹೊಸ ಯಂತ್ರಕ್ಕೆ ಯಾವುದೇ ಹಾನಿ ಆಗಿಲ್ಲ.
>
> ಲಗತ್ತು: ಇನ್‌ವಾಯ್ಸ್, ಸಾಗಣೆ ಮತ್ತು ಜೋಡಣೆ ಬಿಲ್, ಟ್ರಯಲ್ ವರದಿ, ನೇಮ್‌ಪ್ಲೇಟ್ ಫೋಟೊಗಳು, ವಾರಂಟಿ ಪ್ರತಿ, ಬ್ಯಾಂಕ್ ಪತ್ರ.

ಪತ್ರದ ಕೆಲವು ಸಾಲುಗಳನ್ನು ಯಾಕೆ ಹಾಗೆ ಬರೆದೆ ಅಂತ ಹೇಳಿಬಿಡ್ತೀನಿ.

ಸೀರಿಯಲ್ ಸಂಖ್ಯೆಯನ್ನು ಇನ್‌ವಾಯ್ಸ್ ನೋಡಿ ಬರೆಯಬೇಡಿ, ಯಂತ್ರದ ಮೇಲಿನ ನೇಮ್‌ಪ್ಲೇಟ್ ನೋಡಿ ಬರೆಯಿರಿ. ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಿರೋದು ಅಪರೂಪ ಅಲ್ಲ. ಮೋಟಾರ್‌ಗೆ ಬೇರೆ ಸಂಖ್ಯೆ ಇರುತ್ತೆ, ಸುಡೋದು ಹೆಚ್ಚಾಗಿ ಮೋಟಾರೇ. ಅದರ ಫೋಟೊ ಮರೆಯಬೇಡಿ.

ಜಾಗವನ್ನು ಸರ್ವೆ ನಂಬರ್ ಸಹಿತ ಬರೆಯೋದಕ್ಕೂ ಕಾರಣ ಇದೆ. ಪಾಲಿಸಿ ಯಂತ್ರದ ಜೊತೆಗೆ ಜಾಗವನ್ನೂ ನೋಡುತ್ತೆ. ಅಣ್ಣನ ತೋಟಕ್ಕೆ ಎರಡು ವಾರಕ್ಕೆ ಅಂತ ಯಂತ್ರ ಸಾಗಿಸಿ ಅಲ್ಲಿ ಕೆಟ್ಟರೆ ಕ್ಲೇಮ್ ನಿಲ್ಲೋದು ಕಷ್ಟ. ಹಾಗೆ ಸಾಗಿಸೋದಿದ್ದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೀಬೇಕು.

ಬ್ಯಾಂಕ್ ಸಾಲದಲ್ಲಿ ಕೊಂಡಿದ್ದರೆ ಬ್ಯಾಂಕಿನ ಹೆಸರು ಎಂಡಾರ್ಸ್‌ಮೆಂಟ್‌ನಲ್ಲಿ ಬರಬೇಕು ಅಂತ ಬ್ಯಾಂಕಿನವರೇ ಕೇಳ್ತಾರೆ. ಹೆಸರು ಬಂದ ಮೇಲೆ ಕ್ಲೇಮ್ ಹಣ ಮೊದಲು ಬ್ಯಾಂಕಿನ ದಾರಿಯಲ್ಲಿ ಬರುತ್ತೆ ಅನ್ನೋದು ತಲೆಯಲ್ಲಿರಲಿ.

'ಈಗಾಗಲೇ ಇರುವ ಯಂತ್ರಗಳು ಹಾಗೆಯೇ ಮುಂದುವರಿಯಲಿ' ಅನ್ನೋ ಸಾಲು ಮುಖ್ಯ. ಅದಿಲ್ಲದಿದ್ದರೆ ಹೊಸ ಪಲ್ಪರ್ ಬಂತು, ಹಳೇದು ಹೋಯ್ತು ಅಂತ ತಿಳಿದು ಪಟ್ಟಿಯಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಿಬಿಡಬಹುದು. ಹಳೇದನ್ನು ನಿಜವಾಗಿಯೂ ಮಾರಿದ್ದರೆ ಅದನ್ನು ಯಾವ ದಿನದಿಂದ ತೆಗೀಬೇಕು ಅಂತ ಅದೇ ಪತ್ರದಲ್ಲಿ ಬರೆಯಿರಿ. ಉಳಿದ ದಿನಗಳ ಪ್ರೀಮಿಯಂ ವಾಪಸ್ ಪಾಲಿಸಿಯ ಷರತ್ತಿನಂತೆ ಲೆಕ್ಕ ಆಗುತ್ತೆ.

ಹಾಗಂತ ಒಂದೇ ಶೆಡ್ಡಿನಲ್ಲಿ ಆರು ಮೋಟಾರ್ ಇದ್ದು, ಬೇಗ ಕೆಡೋ ಒಂದನ್ನೇ ಆರಿಸಿ ಸೇರಿಸಿ ಅಂದರೆ ಕಚೇರಿಯವರು ಪ್ರಶ್ನೆ ಕೇಳೇ ಕೇಳ್ತಾರೆ. ಅವರಿಗೆ ಒಟ್ಟು ಘಟಕ ಬೇಕು.

ವಾರಂಟಿ ಇರುವಾಗ ವಿಮೆ ಯಾಕೆ?

ಪಕ್ಕದ ತೋಟದ ಅಣ್ಣ ಒಬ್ಬರು ಕೇಳಿದರು: 'ಒಂದು ವರ್ಷ ವಾರಂಟಿ ಇದ್ಯಲ್ಲ ಮಾರಾಯ, ಜೂನ್ ಕಳೆದ ಮೇಲೆ ಸೇರಿಸಿದರೆ ಸಾಲದಾ?'

ವಾರಂಟಿ ನೋಡೋದು ತಯಾರಿಕೆಯ ದೋಷವನ್ನು. ಎರಕದಲ್ಲಿ ಬಿರುಕು, ಬೇರಿಂಗ್ ಸೀಟ್ ತಪ್ಪಾಗಿ ಕೊರೆದದ್ದು, ಇಂಥವು ಮಾರಿದವರ ಹೊಣೆ. ವಿಮಾ ಪಾಲಿಸಿ ಕೂಡ ತಯಾರಕರು ಹೊರಬೇಕಾದ ಹಾನಿಯನ್ನು ತನ್ನಿಂದ ಹೊರಗಿಡುತ್ತೆ. ಆದರೆ ನಮ್ಮೂರಲ್ಲಿ ಮೋಟಾರ್ ಸುಡೋದು ಎರಕದ ದೋಷಕ್ಕಲ್ಲ. ಗಾಳಿಗೆ ಮರ ಬಿದ್ದು ಫೇಸ್ ಹೋಗುತ್ತೆ, ಸಂಜೆ ವೋಲ್ಟೇಜ್ ಕುಸಿಯುತ್ತೆ, ಹೊಸ ಕೆಲಸದವನು ಹಣ್ಣಿನಲ್ಲಿದ್ದ ಕಲ್ಲು ನೋಡದೆ ಸುರೀತಾನೆ. ವಾರಂಟಿ ಕಾರ್ಡಿನ ಹಿಂದೆ ಓದಿದರೆ ಇವೆಲ್ಲ 'ಅನ್ವಯಿಸುವುದಿಲ್ಲ' ಅನ್ನೋ ಪಟ್ಟಿಯಲ್ಲೇ ಇರುತ್ತವೆ. ಕೊಯ್ಲಿನ ಮೊದಲ ತಿಂಗಳು ಕೆಲಸದವರಿಗೂ ಯಂತ್ರ ಹೊಸತು, ಕೈತಪ್ಪು ಆಗೋದು ಆವಾಗಲೇ. ಅಣ್ಣನಿಗೂ ಇದನ್ನೇ ಹೇಳಿದೆ.

ಹಾಗಂತ ನಮ್ಮ ಕಡೆಯ ಎಚ್ಚರಿಕೆ ಬಿಡುವಂತಿಲ್ಲ. ಯಂತ್ರವನ್ನು ತಕ್ಕಮಟ್ಟಿಗೆ ನೋಡಿಕೊಳ್ಳಬೇಕು ಅನ್ನೋದು ಪಾಲಿಸಿಯ ಷರತ್ತು. ಪಂಪಿನ ಪಾಠದ ನಂತರ ಪ್ರತಿ ಮೋಟಾರಿಗೂ ಒಂದು ಫೇಸ್ ಹೋದರೆ ತಾನಾಗಿ ಆಫ್ ಮಾಡುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದ್ದೇನೆ. ಜನವರಿಯಲ್ಲಿ ಎರಡು ಸಲ ಅದು ಟ್ರಿಪ್ ಆಯ್ತು, ಎರಡು ಸಲವೂ ಮೋಟಾರ್ ಉಳೀತು.

ಕಾಗದ ಕೈಗೆ ಬಂದ ಮೇಲೆ

ಎಂಡಾರ್ಸ್‌ಮೆಂಟ್ ಪಿಡಿಎಫ್ ಮೊಬೈಲಿಗೆ ಬಂದ ಕೂಡಲೇ ಫೋಲ್ಡರ್‌ಗೆ ಹಾಕಿ ಮರೆಯಬೇಡಿ. ಯಂತ್ರದ ಮುಂದೆ ನಿಂತು, ಒಂದು ಕೈಲಿ ಫೋನ್ ಹಿಡಿದು, ನೇಮ್‌ಪ್ಲೇಟಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ನನ್ನದರಲ್ಲಿ ಒಂದು ತಪ್ಪು ಸಿಕ್ಕಿತು. ವಾಷರಿನ ಸೀರಿಯಲ್ ಸಂಖ್ಯೆ ಇರಬೇಕಾದ ಕಡೆ ಇನ್‌ವಾಯ್ಸ್ ಸಂಖ್ಯೆ ಟೈಪ್ ಆಗಿತ್ತು. ಅವತ್ತೇ ಇಮೇಲ್ ಹಾಕಿದೆ, ತಿದ್ದಿದ ಪ್ರತಿ ಬಂತು, ಅದಕ್ಕೆ ದುಡ್ಡೇನೂ ಕಟ್ಟಲಿಲ್ಲ. ಇದೇ ತಪ್ಪು ಕ್ಲೇಮಿನ ದಿನ ಕಂಡಿದ್ದರೆ ಎಷ್ಟು ಓಡಾಟ ಆಗ್ತಿತ್ತೋ.

ನೋಡಬೇಕಾದ್ದು ಐದೇ ಸಂಗತಿ: ಪಾಲಿಸಿ ಸಂಖ್ಯೆ, ಜಾರಿಗೆ ಬಂದ ದಿನ, ಸೀರಿಯಲ್ ಸಂಖ್ಯೆಗಳು, ವಿಮಾ ಮೊತ್ತ, ಇರುವ ಜಾಗ. ಹೊಸ ಯಂತ್ರಕ್ಕೆ ಎಕ್ಸೆಸ್ ಬೇರೆ ಹಾಕಿದ್ದಾರಾ ಅಂತಲೂ ಒಮ್ಮೆ ಕಣ್ಣಾಡಿಸಿ.

ಪ್ರೀಮಿಯಂ ಕಟ್ಟಿದರೂ ಕಾಗದ ಬರದಿದ್ದರೆ ಏಜೆಂಟರ ಬೆನ್ನು ಹತ್ತಬೇಡಿ. ಸೀಲ್ ಇರುವ ಪತ್ರ, ರಸೀದಿ ಎರಡನ್ನೂ ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕಿ. ಅಲ್ಲೂ ಆಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ bimabharosa.irdai.gov.in ತಾಣದಲ್ಲಿ ದೂರು ದಾಖಲಿಸಬಹುದು, 155255ಕ್ಕೆ ಫೋನ್ ಮಾಡಲೂಬಹುದು. ಕ್ಲೇಮ್ ತಿರಸ್ಕಾರವಾದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಒಬ್ಬರೇ ಮಾಲೀಕರಿರುವ ಸಣ್ಣ ಘಟಕಗಳ ದೂರನ್ನೂ ಅವರು ಕೇಳ್ತಾರೆ, ಶುಲ್ಕ ಇಲ್ಲ. ಆದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ನನ್ನ ಹಳೇ ಪಂಪಿನ ವಿಷಯದಲ್ಲಿ ಎಲ್ಲಿ ಹೋದರೂ ಏನೂ ಸಿಗ್ತಿರಲಿಲ್ಲ. ಕೈಲಿ ರಸೀದಿಯೇ ಇರಲಿಲ್ಲ.

ಯಂತ್ರ ನಿಜವಾಗಿ ಕೆಟ್ಟ ದಿನ ನೆನಪಿಡಬೇಕಾದ್ದು ಒಂದೇ: ಕಂಪನಿಗೆ ತಿಳಿಸುವ ಮೊದಲು ಬಿಚ್ಚಬೇಡಿ. ಸುಟ್ಟ ಮೋಟಾರನ್ನು ಅದೇ ಸಂಜೆ ರೀವೈಂಡಿಂಗ್‌ಗೆ ಕೊಟ್ಟರೆ ಸರ್ವೇಯರ್ ಬಂದಾಗ ನೋಡೋಕೆ ಏನೂ ಉಳಿಯಲ್ಲ. ಫೋಟೊ, ವಿಡಿಯೊ ತೆಗೆದು ಇಮೇಲ್ ಹಾಕಿ. ಕೊಯ್ಲಿನ ತುರ್ತು ಇದ್ದರೆ 'ಇಂದೇ ರಿಪೇರಿ ಶುರು ಮಾಡಬಹುದಾ?' ಅಂತ ಬರವಣಿಗೆಯಲ್ಲೇ ಒಪ್ಪಿಗೆ ಕೇಳಿ, ಬದಲಿಸಿದ ಭಾಗಗಳನ್ನು ಶೆಡ್ಡಿನಲ್ಲೇ ಇಟ್ಟಿರಿ.

ಜುಲೈಯಲ್ಲಿ ಇನ್ನೊಮ್ಮೆ

ಎಂಡಾರ್ಸ್‌ಮೆಂಟಿನ ಆಯಸ್ಸು ಪಾಲಿಸಿಯ ಆಯಸ್ಸಿನಷ್ಟೇ. ನನ್ನದು ಜೂನ್ 30ಕ್ಕೆ ಮುಗಿಯುತ್ತೆ. ನವೀಕರಣದ ಸಮಯದಲ್ಲಿ ಹಿಂದಿನ ವರ್ಷದ ಶೆಡ್ಯೂಲನ್ನೇ ನಕಲು ಮಾಡಿ ಹೊಸ ಪಾಲಿಸಿ ಮುದ್ರಿಸಿದರೆ, ಮಧ್ಯದಲ್ಲಿ ಸೇರಿದ ಯಂತ್ರ ಪಟ್ಟಿಯಿಂದ ಜಾರಿಬಿಡಬಹುದು. ಜೂನ್ ಅಂದರೆ ನಮಗೆ ಮಳೆ, ನಾಟಿ, ರಸ್ತೆಗೆ ಬಿದ್ದ ಮರ. ಪಾಲಿಸಿ ಓದೋ ಮನಸ್ಸು ಯಾರಿಗೂ ಇರಲ್ಲ. ಅದಕ್ಕೇ ಫೋನಿನ ಕ್ಯಾಲೆಂಡರಿನಲ್ಲಿ ಜೂನ್ 10ಕ್ಕೆ ಒಂದು ಅಲಾರಂ ಇಟ್ಟಿದ್ದೇನೆ: 'ಪಲ್ಪರ್–ವಾಷರ್ ಶೆಡ್ಯೂಲ್‌ನಲ್ಲಿ ಇದ್ಯಾ? ಮೊತ್ತ ಈಗಿನ ಬೆಲೆಗೆ ಸರಿ ಇದ್ಯಾ?'

ಕೆರೆ ಹತ್ತಿರದ ಆ ಪಂಪ್ ಈಗ ಪಟ್ಟಿಯಲ್ಲಿ ನಾಲ್ಕನೇ ಸಾಲಿನಲ್ಲಿದೆ. ಅದಕ್ಕೂ ಸೇರಿ ಅಲಾರಂ ಒಂದೇ.